ಎರಡು ಚುಕ್ಕಿಗಳ ಸಾಲು

ಅಂಬಿಕಾ ಹೊಸ ಹಾಜರಿ ಪುಸ್ತಕಕ್ಕೆ ಗೆರೆ ಹೊಡೆಯುತ್ತಿದ್ದಳು. ಸ್ಕೇಲು ಒತ್ತಿ ಹಿಡಿದು, ಕೆಂಪು ಪೆನ್ನನ್ನು ಮೇಲಿನಿಂದ ಕೆಳಕ್ಕೆ ಎಳೆದು, ಸ್ಕೇಲು ಸರಿಸಿ, ಮತ್ತೊಂದು. ಕಚೇರಿಗೆ ಇನ್ನೂ ಯಾರೂ ಬಂದಿರಲಿಲ್ಲ. ಹೊರಗೆ ನೆಲಕ್ಕೆ ಹಾಸುವ ಫರಸಿ ಕಲ್ಲು ಕೊರೆಯುವ ಯಂತ್ರಗಳು ಶುರುವಾಗಿರಲಿಲ್ಲ. ಹಾಳೆಯ ಮೇಲೆ ಕೂತ ಕಲ್ಲಿನ ಧೂಳನ್ನು ಆಗಾಗ ಓಢಣಿಯ ತುದಿಯಿಂದ ಒರೆಸಿಕೊಳ್ಳುತ್ತಿದ್ದಳು. ಹೆಸರಿನ ಕಾಲಂ ಆಯಿತು, ಕೆಲಸದ ಕಾಲಂ ಆಯಿತು, ಬಂದ ಹೊತ್ತಿನದಾಯಿತು. ಸಹಿಯ ಜಾಗಕ್ಕೆ ಬಂದಾಗ ಅವಳ ಕೈ ನಿಂತಿತು.

ಸಹಿಗೆ ಒಂದು ಕಾಲಂ ಹೊಡೆಯಬೇಕೋ ಎರಡೋ ಎಂಬುದು ಇನ್ನೂ ತೀರ್ಮಾನವಾಗಿರಲಿಲ್ಲ. ಅದಕ್ಕೆಂದೇ ಇವತ್ತು ಹನ್ನೊಂದು ಗಂಟೆಗೆ ಎಲ್ಲರೂ ಕೂಡುವವರಿದ್ದರು.

ಪೆನ್ನಿನ ಮುಚ್ಚಳ ಹಾಕಿ, ಚಹಾದ ನೀರಿಡಲು ಎದ್ದಳು.

ಶಹಾಬಾದಿನ ಈ ಕಚೇರಿಗೆ ಅಂಬಿಕಾ ಬಂದು ನಾಲ್ಕು ವರ್ಷವಾಗಿತ್ತು. ಎಂಟನೆಯ ಇಯತ್ತೆಗೆ ಶಾಲೆ ಬಿಟ್ಟವಳಾದರೂ ಅಕ್ಷರಗಳು ಮುತ್ತಿನಂತಿದ್ದವು. ಕಸ ಹೊಡೆಯಲು ಬಂದವಳ ಕೈಗೆ ಸಾವಕಾರ ರೇವಣಪ್ಪನವರು ಒಂದು ದಿನ ಹಾಜರಿ ಪುಸ್ತಕ ಕೊಟ್ಟಿದ್ದರು. ಮಾತು ಕಡಿಮೆ, ಕಣ್ಣು ಚುರುಕು. ಯಾರು ಯಾರ ಮೇಲೆ ಮುನಿಸಿಕೊಂಡಿದ್ದಾರೆ, ಯಾರ ಚಹಾಕ್ಕೆ ಸಕ್ಕರೆ ಬೇಡ, ಎಲ್ಲಾ ಅವಳಿಗೆ ಗೊತ್ತು. ಕೇಳಿದರೆ ಮಾತ್ರ ತಲೆ ತಗ್ಗಿಸುವಳು.

ಅವಳ ಅಪ್ಪ ತಮ್ಮಣ್ಣ ಇದೇ ಕಂಪನಿಯ ಮೆಕ್ಯಾನಿಕ್. ಅವನು ಸತ್ತು ಇವತ್ತಿಗೆ ನಲವತ್ತೆರಡು ದಿನ.

ರೇವಣಪ್ಪನವರು ಮೂವತ್ತು ವರ್ಷದ ಹಿಂದೆ ಒಂದು ಖಣಿ ಮತ್ತು ಒಂದು ಕೊರೆಯುವ ಯಂತ್ರದಿಂದ ಶುರು ಮಾಡಿದವರು. ಆಗ ಇದ್ದದ್ದು ಫರಸಿ ಒಂದೇ. ಆಮೇಲೆ ಸೇಡಂನಲ್ಲಿ ತೊಗರಿ ಬೇಳೆಯ ಮಿಲ್ಲು ಕೊಂಡರು. ಎರಡು ವರ್ಷದ ಹಿಂದೆ ವಾಡಿಯಲ್ಲಿ ಸಿಮೆಂಟ್ ಇಟ್ಟಂಗಿಯ ಘಟಕವೂ ಬಂತು. ಈಗ ಆಳುಕಾಳು ಎಲ್ಲಾ ಸೇರಿ ನೂರಮೂವತ್ತು ಜನ. ಕಸಬಿಗೊಬ್ಬ ಹಿರಿಯನೆಂಬುದು ಸಾವಕಾರರ ಪದ್ಧತಿ. ಖರೀದಿಗೆ ಒಬ್ಬ, ಮಾರಾಟಕ್ಕೆ ಒಬ್ಬ, ಯಂತ್ರ ರಿಪೇರಿಗೆ ಒಬ್ಬ, ಎಲ್ಲರ ಮೇಲೆ ಅವರೊಬ್ಬರೇ.

ಈ ಜನವರಿಯಲ್ಲಿ ಸಾವಕಾರರ ಕಣ್ಣಿನ ಆಪರೇಶನ್ ಆಗಿ, ಹೈದರಾಬಾದಿನಲ್ಲಿ ಎಂಬಿಎ ಓದಿದ ಮಗಳು ಶೈಲಶ್ರೀ ಆಡಳಿತ ಹಿಡಿದಳು. ಅವಳು ತಂದದ್ದು ಮ್ಯಾಟ್ರಿಕ್ಸ್ ಎಂಬ ಪದ್ಧತಿ. ಹಳೆಯ ಕಸಬಿನ ಹಿರಿಯರು ಹಾಗೆಯೇ ಉಳಿದರು. ಅವರ ಜೊತೆಗೆ ಒಂದೊಂದು ದಂಧೆಗೂ ಒಬ್ಬೊಬ್ಬ ಹಿರಿಯನನ್ನು ಅಡ್ಡಕ್ಕೆ ನಿಲ್ಲಿಸಿದಳು. ಪ್ರತಿಯೊಬ್ಬ ಕೆಲಸಗಾರನಿಗೂ ಇಬ್ಬರು ಮೇಲಿನವರಾದರು. ತಮ್ಮಣ್ಣನಿಗೆ ರಿಪೇರಿಯ ಹಿರಿಯ ನಾಮದೇವ ಒಬ್ಬ. ಫರಸಿ ಕಡೆ ಇದ್ದಾಗ ಗುರುಲಿಂಗಯ್ಯ, ಮಿಲ್ಲಿನ ಕಡೆ ಹೋದಾಗ ಸೊಹೇಲ್ ಇನ್ನೊಬ್ಬ.

"ನನಗ ಇಬ್ಬರು ಮಾವಂದ್ರು ಆದ್ರು ನೋಡು," ಎಂದು ತಮ್ಮಣ್ಣ ಮನೆಯಲ್ಲಿ ಹೆಂಡತಿಗೆ ಹೇಳಿ ನಗುತ್ತಿದ್ದ. "ನಿಮ್ಮಪ್ಪ ಒಬ್ಬನ್ನ ಸಂಬಾಳಿಸೂದ್ರಾಗೇ ನನ್ನ ಕೂದ್ಲ ಹಣ್ಣಾಗಿದ್ವು."

"ನಮ್ಮಪ್ಪನ ಸುದ್ದಿಗಿ ಬರಬ್ಯಾಡ್ರಿ," ಎಂದು ಅವ್ವ ಅಂಬುಬಾಯಿ ರೊಟ್ಟಿ ಬಡಿಯುತ್ತ ಅನ್ನುತ್ತಿದ್ದಳು.

ಇಬ್ಬರು ಮೇಲಿನವರೆಂದ ಮೇಲೆ ಪುಸ್ತಕದಲ್ಲಿ ಎರಡು ಸಹಿ. ಆದರೆ ದಿನಾ ನೂರಮೂವತ್ತು ಜನರಿಗೆ ಇಬ್ಬಿಬ್ಬರು ಸಹಿ ಹಾಕಲು ಯಾರಿಗೆ ಪುರಸೊತ್ತು? ತಿಂಗಳಾಗುವಷ್ಟರಲ್ಲಿ ತಾನಾಗಿಯೇ ಒಂದು ರೂಢಿ ಬಿತ್ತು. "ಇವತ್ತು ಇವ ಆ ಕಡೆಯವರ ಹಂತೇಕ ಇದ್ದಾನ" ಎನ್ನಲು ಮೇಲಿನವರು ತಮ್ಮ ಕಾಲಂನಲ್ಲಿ ಒಂದು ಚುಕ್ಕಿ ಇಡುವರು. ದೂರ ಇದ್ದವರು ಫೋನಿನಲ್ಲಿ ಹೇಳುವರು, ಅಂಬಿಕಾ ಇಡುವಳು. ಒಂದು ಕಡೆ ಚುಕ್ಕಿ, ಇನ್ನೊಂದು ಕಡೆ ಸಹಿ ಇದ್ದರೆ ಲೆಕ್ಕ ಸರಿ. ಸಹಿಯೇ ಇಲ್ಲದವನಿಗೆ ಹನ್ನೆರಡು ಗಂಟೆಗೆ ಪುಸ್ತಕ ಮುಚ್ಚುವಾಗ ಗೈರುಹಾಜರ್ ಎಂದು 'ಗೈ' ಬರೆಯಬೇಕು. ಅದು ಸಾವಕಾರರ ಕಾಲದ ನಿಯಮ, ಅದನ್ನು ಯಾರೂ ಬದಲಿಸಿರಲಿಲ್ಲ.

ಏಪ್ರಿಲ್ ಕೊನೆಯ ವಾರ. ಹಿಂದಿನ ಸಂಜೆ ಗುರುಲಿಂಗಯ್ಯ ತಮ್ಮಣ್ಣನಿಗೆ, ಚಿತ್ತಾಪುರ ರಸ್ತೆಯ ಹಳೆ ಖಣಿಯ ಪಂಪು ನೀರೆತ್ತುತ್ತಿಲ್ಲ, ಜರಾ ನೋಡು ಎಂದಿದ್ದ. ಅದಾಗಿ ತಾಸಿಗೆ ನಾಮದೇವ ಫೋನ್ ಮಾಡಿ, ನಾಳೆ ಸೇಡಂ ಮಿಲ್ಲಿಗೆ ಹೋಗು, ಎಲಿವೇಟರಿನ ಮೋಟರ್ ಬಿಸಿಯಾಗುತ್ತಿದೆ ಎಂದಿದ್ದ. ತಮ್ಮಣ್ಣ ಇಬ್ಬರಿಗೂ ಹೂಂ ಅಂದ. ನಸುಕಿನಲ್ಲೇ ಸೈಕಲ್ ತುಳಿದು ಖಣಿಗೆ ಹೋಗಿ ಪಂಪು ಮುಗಿಸಿ, ವಾಡಿಯಲ್ಲಿ ರೈಲು ಹಿಡಿಯುವ ಎಣಿಕೆ ಅವನದು.

ಮರುದಿನ ನಾಮದೇವ, ತಮ್ಮಣ್ಣ ಮಿಲ್ಲಿನಲ್ಲಿದ್ದಾನೆಂದು ತನ್ನ ಕಾಲಂನಲ್ಲಿ ಚುಕ್ಕಿ ಇಟ್ಟ. ಗುರುಲಿಂಗಯ್ಯ, ನಾಮದೇವ ಅವನನ್ನು ಸೇಡಂಗೆ ಕಳಿಸಿದ್ದಾನೆಂದು ಕೇಳಿ ತನ್ನದರಲ್ಲಿ ಚುಕ್ಕಿ ಇಡಿಸಿದ. ಸೇಡಂನಲ್ಲಿ ಸೊಹೇಲ್ ದಾರಿ ನೋಡಿ, ಎಂದಿನಂತೆ ಫರಸಿಯವರು ಇಟ್ಟುಕೊಂಡಿರಬೇಕೆಂದು ಸುಮ್ಮನಾದ. ಮೂವರೂ ಸುಳ್ಳಾಡಿರಲಿಲ್ಲ. ತಮ್ಮಣ್ಣ ಪಂಪಿನ ತಗಡಿನ ಶೆಡ್ಡಿನಲ್ಲಿ ಬಿಸಿಲು ಬಡಿದು ಬಿದ್ದಿದ್ದ. ಖಣಿಯ ಗುಂಡಿಯಲ್ಲಿ ಫೋನು ಹತ್ತುವುದಿಲ್ಲ. ಐದೂವರೆಗೆ ಕುರಿ ಕಾಯುವವನೊಬ್ಬ ನೋಡಿ ಕೂಗಿಕೊಂಡ. ಮುಂಜಾನೆ ಹತ್ತರ ಸುಮಾರಿಗೆ ಬಿದ್ದಿರಬೇಕು, ಮಧ್ಯಾಹ್ನದೊಳಗೆ ತಂದಿದ್ದರೆ ನೋಡಬಹುದಿತ್ತು ಎಂದರು ದವಾಖಾನೆಯಲ್ಲಿ.

ಅಂದು ಹನ್ನೆರಡು ಗಂಟೆಗೆ ಅಂಬಿಕಾ ಅಪ್ಪನ ಹೆಸರಿನ ಮುಂದೆ ಎರಡು ಚುಕ್ಕಿಗಳನ್ನು ನೋಡಿದ್ದಳು. ಆ ಕಡೆಯೂ ಈ ಕಡೆಯೂ ಚುಕ್ಕಿಯೆಂದರೆ ಅಪ್ಪ ಎಲ್ಲಿ? ಒಂದು ಗಳಿಗೆ ಪೆನ್ನು ಹಿಡಿದು ಕೂತಳು. ನಾಮದೇವ ಎದುರಿಗೇ ಫೋನಿನಲ್ಲಿ ಯಾರನ್ನೋ ಬೈಯುತ್ತಿದ್ದ. ಕೇಳಲು ಬಾಯಿ ಬರಲಿಲ್ಲ. ಹಿಂದೆ ಎರಡು ಸಲ ಹೀಗೇ ಆಗಿ ಮರುದಿನ ಸಹಿ ಬಿದ್ದಿತ್ತು. ನಿಯಮದಂತೆ ಬರೆದಳು: ಗೈ.

ಅಕ್ಷರ ಮುತ್ತಿನಂತೆ ಬಂದಿತ್ತು.

ಮಣ್ಣಿಗೆ ಬಂದವರ ಬಾಯಿಂದ ಅಂಬುಬಾಯಿಗೆ ಪುಸ್ತಕದ ಸುದ್ದಿ ತಿಳಿಯಿತು. ಗೈ ಬರೆಯುವುದು ಮೇಲಿನವರೆಂದೇ ಅವಳು ತಿಳಿದಿದ್ದಳು. ಅಂದಿನಿಂದ ಅವಳದು ಒಂದೇ ಮಾತು. "ಬುತ್ತಿ ಕಟ್ಟಿ ಕಳಿಸೀನಿ ನಾ. ಕೆಲಸದ ಮ್ಯಾಲೇ ಜೀವ ಬಿಟ್ಟಾನ. ಗೈರಹಾಜರ್ ಅಂತ ಹೆಂಗ ಬರದ್ರು? ಯಾವ ಕೈ ಬರೀತದು?" ಅಂಬಿಕಾ ತಟ್ಟೆ ತೊಳೆಯುತ್ತ ಕೂರುವಳು. ಇವತ್ತು ಮನೆ ಬಿಡುವಾಗಲೂ ಅವ್ವ ಬಾಗಿಲಲ್ಲಿ ನಿಂತು ಅಂದಿದ್ದಳು, "ಅವತ್ತಿಂದು ಹಾಜರಿ ಹಾಕಸ್ಕೊಂಡು ಬಾ. ಮತ್ತೇನೂ ಕೇಳಬ್ಯಾಡ."

ಹಾಜರಿ ಹಾಕಲು ಯಾರಾದರೊಬ್ಬ ಮೇಲಿನವರ ಸಹಿ ಬೇಕು. ಅಷ್ಟೇ.

ಹನ್ನೊಂದಕ್ಕೆ ಎಲ್ಲರೂ ಬಂದರು. ರೇವಣಪ್ಪನವರು ಕರೀ ಕನ್ನಡಕ ಹಾಕಿಕೊಂಡು ಕಿಟಕಿಯ ಹತ್ತಿರ ಕೂತರು. ನಾಮದೇವ ಒಂದು ತುದಿಗೆ, ಗುರುಲಿಂಗಯ್ಯ ಇನ್ನೊಂದು ತುದಿಗೆ. ಸೊಹೇಲ್ ನಡುವಿನ ಕುರ್ಚಿಗೆ ಬಂದ. ಶೈಲಶ್ರೀ ಕೂರಲಿಲ್ಲ. ಗೋಡೆಗೆ ಒರಗಿಸಿದ್ದ ಪಾಲಿಶ್ ಮಾಡಿದ ಫರಸಿಯೇ ಆ ಕಚೇರಿಯ ಬೋರ್ಡು. ಸೀಮೆಸುಣ್ಣ ಹಿಡಿದು ಅದರ ಮುಂದೆ ನಿಂತಳು. ನಲವತ್ತೆರಡು ದಿನದಲ್ಲಿ ಅವಳ ಮುಖ ಇಳಿದುಹೋಗಿತ್ತು.

"ಆ ಘಟನಾ ಆದಮ್ಯಾಲೆ ಹಿಂಗೇ ನಡಸೂದು ಸಾಧ್ಯ ಇಲ್ಲ," ಅಂದಳು. "ನಮ್ಮ ಮುಂದ ಮೂರು ದಾರಿ ಅವ. ಮೂರೂ ನೋಡಿ ಇವತ್ತೇ ಒಂದು ಹಿಡಿಯೂಣು."

"ದಾರಿ ಏನ್ ನೋಡ್ತಿಬೇ," ಅಂದರು ರೇವಣಪ್ಪನವರು. "ನಂದು ಮೂವತ್ತು ವರ್ಷ ನಡೀತಿಲ್ಲೇನು? ಕಸಬಿಗೊಬ್ಬ. ಎಲ್ಲಾರಿಗೂ ಗೊತ್ತಿತ್ತು ಯಾರಿಗೆ ಯಾರು ಅಂತ."

"ಖರೇ ಅದ ಸಾವಕಾರ್ರ," ಅಂದ ಗುರುಲಿಂಗಯ್ಯ.

"ಖರೇ ಅದ," ಅಂದ ಸೊಹೇಲ್ ಕೂಡ. "ಆದ್ರ ಹೋದ ವರ್ಷ ಮಾರ್ಚದಾಗ ಮಿಲ್ಲಿನ ಮೋಟರ್ ಸುಟ್ಟಾಗ ನಾ ನಾಮದೇವಣ್ಣಗ ಹೇಳೀನಿ. ಅವ್ರು, ಖಣಿ ಕೆಲಸ ನಿಲ್ಲಸಿ ಆಳು ಕಳಸ್ಬೇಕಂದ್ರ ಸಾವಕಾರ್ರನ್ನ ಕೇಳ್ಬೇಕು ಅಂದ್ರು. ನೀವು ನಾಲವಾರದ ಮಠಕ್ಕ ಹೋಗಿದ್ರಿ. ಮೂರು ದಿನ ತೊಗರಿ ಗಾಡಿ ಸಾಲುಗಟ್ಟಿ ನಿಂತ್ವು. ಚಿಂಚೋಳಿ ರೈತರು ನನ್ನ ಅಂಗಿ ಹಿಡಿದ್ರು."

"ಫೋನ್ ಮಾಡಬೇಕಿತ್ತಪಾ."

"ಮಾಡೀನ್ರಿ. ಪೂಜಿಗಿ ಕುಂತಾರ ಅಂದ್ರು."

"ಆ ಅಂಗಿ ಇನ್ನೂ ಹಾಕ್ಕೊಳ್ತಾನ್ರಿ," ಅಂದ ನಾಮದೇವ. "ಗುಂಡಿ ಹಚ್ಚಿಸ್ಯಾನ, ಅಷ್ಟೇ." ಎಲ್ಲರೂ ಸಣ್ಣಗೆ ನಕ್ಕರು. ಅಂಬಿಕಾ ಚಹಾದ ಬಟ್ಟಲುಗಳನ್ನು ಒಂದೊಂದಾಗಿ ಇಡುತ್ತ ಬಂದಳು. ಅವಳನ್ನು ಕಂಡು ನಗು ನಿಂತಿತು.

ಶೈಲಶ್ರೀ ಫರಸಿಯ ಮೇಲೆ ಒಂದು ತಲೆ, ಅದರ ಕೆಳಗೆ ಮೂರು ಕಾಲು ಬರೆದಳು. "ಇದು ಅಪ್ಪಾಜಿದು. ಫಂಕ್ಷನಲ್ ಅಂತಾರ. ಇದು ಕೆಟ್ಟದ್ದಲ್ಲ. ಒಂದೇ ಮಾಲು ಇದ್ದಾಗ ಇದರಷ್ಟು ಛಲೋದು ಇನ್ನೊಂದಿಲ್ಲ. ರಿಪೇರಿಯವರು ರಿಪೇರಿಯವರ ಜೋಡಿ ಇದ್ದು ಕೈ ಕುದುರ್ತದ, ಒಂದೇ ಸಾಮಾನು ಎರಡೆರಡು ಕಡಿ ಕೊಳ್ಳೂದಿಲ್ಲ. ಆದ್ರ ಈಗ ಫರಸಿಗಿ ಒಂದು ಗಿರಾಕಿ, ಬ್ಯಾಳಿಗಿ ಒಂದು ಗಿರಾಕಿ. ತೊಗರಿ ಬಂದ್ರ ಮಿಲ್ಲಿಗೆ ಹಗಲು ರಾತ್ರಿ ಕೆಲಸ, ಮಳಿ ಬಂದ್ರ ಖಣಿ ಬಂದ್. ಎರಡು ಕಸಬಿನವರ ನಡುವ ಏನರೆ ತಕರಾರು ಬಂದ್ರ ಬಗಿಹರಿಸಾವ್ರು ಒಬ್ರೇ, ತಲಿ ಮ್ಯಾಗಿನವ್ರು. ಎಲ್ಲಾ ಅವರ ತನಕ ಹತ್ತಿ ಇಳೀಬೇಕು. ಅವರು ಮಠದಾಗಿದ್ರ ಮೋಟರ್ ಸುಟ್ಟಿದ್ದು ಸುಟ್ಟೇ ಇರ್ತದ."

ರೇವಣಪ್ಪನವರು ಕಿಟಕಿಯ ಕಡೆ ತಿರುಗಿದರು. "ದಿನಾ ಮುಂಜಾನೆ ನಾನೇ ಹಾಜರಿ ಕೂಗ್ತಿದ್ದೆ," ಅಂದರು ತಮ್ಮಷ್ಟಕ್ಕೆ. "ಪ್ರತಿಯೊಬ್ಬನ ಮುಖ ನೋಡಿ."

"ಆಗ ಮೂವತ್ತು ಮುಖ ಇದ್ವು ಅಪ್ಪಾಜಿ."

ಅವಳು ಎರಡನೆಯ ಚಿತ್ರ ಬರೆದಳು. ಮೇಲಿನಿಂದ ಗೆರೆಗಳು, ಅಡ್ಡಕ್ಕೆ ಗೆರೆಗಳು. ಅಂಬಿಕಾ ಜನವರಿಯಿಂದ ಹೊಡೆದ ಕಾಲಮುಗಳ ಹಾಗೇ ಇತ್ತು.

"ಇದು ನಾ ತಂದಿದ್ದು. ಮ್ಯಾಟ್ರಿಕ್ಸ್. ಸಾವಕಾರ್ರ ತನಕ ಹತ್ತದೇ ಇಬ್ಬರು ಹಿರೇರು ಅಲ್ಲೇ ಮಾತಾಡ್ಕೊಂಡು ಬಗಿಹರಿಸಲಿ, ಕಡಿಮಿ ಇರೋ ಆಳನ್ನ ಎರಡೂ ಕಡಿ ಹಂಚ್ಕೊಳ್ಳಲಿ ಅಂತ ತಂದೆ."

"ಪದ್ಧತಿದು ತಪ್ಪಿಲ್ರಿ ಅಕ್ಕಾರ," ಅಂದ ನಾಮದೇವ ತಗ್ಗಿದ ದನಿಯಲ್ಲಿ. "ನಾವು ದಿನಾ ಮಾತಾಡಿದ್ರ ಮುಗೀತಿತ್ತು. ನಾವು ಮಾತಾಡಿಲ್ಲ."

"ಮಾತಾಡಲಾರದ್ದು ನಿಮ್ಮ ತಪ್ಪು. ಮಾತಾಡಿದ್ರ ಮಾತ್ರ ನಿಲ್ಲೋ ಪದ್ಧತಿ ತಂದಿದ್ದು ನನ್ನ ತಪ್ಪು," ಅಂದಳು ಶೈಲಶ್ರೀ. "ಸೇತುವೆ ಕಟ್ಟೋ ಕಂಪನಿಗೆ ಇದು ಒಪ್ತದ. ಅಲ್ಲಿ ಒಂದೊಂದು ಕೆಲಸ ಒಂದೊಂದು ಥರ, ಅದೇ ಇಂಜಿನಿಯರ್‌ಗೋಳು ನಾಕು ಕಡಿ ಬೇಕಾಗ್ತಾರ. ದಿನಾ ಕುಂತು ಜಗಳಾಡಿ ತೀರ್ಮಾನ ಮಾಡೂದೇ ಅಲ್ಲಿ ಕೆಲಸ. ನಮ್ಮಲ್ಲಿ? ನಿನ್ನೆ ಕೊರೆದ ಕಲ್ಲೇ ಇವತ್ತೂ ಕೊರೀತೀವಿ. ಎರಡೂ ಕಡಿ ಬೇಕಾದವ್ರು ಐದು ಮಂದಿ ಮೆಕ್ಯಾನಿಕ್‌ರು. ಆ ಐದು ಮಂದಿ ಸಲುವಾಗಿ ನೂರಮೂವತ್ತು ಮಂದಿ ಕೊಳ್ಳಿಗಿ ಎರಡೆರಡು ಹಗ್ಗ ಹಾಕೀನಿ."

ಐದು ಮಂದಿ ಅಂದಳು. ಈಗ ನಾಲ್ಕು. ಅಂಬಿಕಾ ಬಟ್ಟಲು ಎತ್ತಿಕೊಳ್ಳುತ್ತ ಅದನ್ನು ಗಮನಿಸಿದಳು. ಇಷ್ಟು ಹೊತ್ತಾದರೂ ಯಾರ ಬಾಯಲ್ಲೂ ಅಪ್ಪನ ಹೆಸರು ಬಂದಿರಲಿಲ್ಲ. 'ಆ ಘಟನೆ', 'ಆ ದಿನ', 'ಮೆಕ್ಯಾನಿಕ್‌ರು'.

ಮೂರನೆಯ ಚಿತ್ರದಲ್ಲಿ ಒಂದು ತಲೆಯ ಕೆಳಗೆ ಎರಡು ಮನೆ. "ಡಿವಿಜನಲ್. ದಂಧಾಕ್ಕೊಂದು ಮನಿ. ಸೊಹೇಲ್ ಭಾಯ್, ಬ್ಯಾಳಿ ಪೂರಾ ನಿಮ್ಮದು. ಖರೀದಿ, ಮಿಲ್ಲು, ಮಾರಾಟ, ಎಲ್ಲಾ. ಲಾಭಾನೂ ನಿಮ್ಮದೇ ಹೊಣಿ, ಲುಕ್ಸಾನೂ ನಿಮ್ಮದೇ. ಅಯ್ಯಾರ, ಫರಸಿ ನಿಮ್ಮದು, ವಾಡಿ ಇಟ್ಟಂಗಿನೂ ನಿಮ್ಮದೇ."

"ಇಟ್ಟಂಗಿಗಿ ಬ್ಯಾರೆ ಮನಿ ಬ್ಯಾಡೇನ್ರಿ?" ಕೇಳಿದ ಗುರುಲಿಂಗಯ್ಯ. "ಊರೇ ಬ್ಯಾರೆ ಅದಲ್ಲ."

"ಊರು ಬ್ಯಾರೆ, ಗಿರಾಕಿ ಒಬ್ಬನೇ. ಮನಿ ಕಟ್ಟಾಂವ ಫರಸಿನೂ ಒಯ್ತಾನ, ಇಟ್ಟಂಗಿನೂ ಒಯ್ತಾನ. ನಿಮ್ಮ ಖಣಿ ಪುಡಿನೇ ಅಲ್ಲಿಗಿ ಹೋಗ್ತದ. ಬ್ಯಾಳಿ ಒಯ್ಯಾಂವಗ ಇಟ್ಟಂಗಿ ಯಾಕ ಬೇಕು? ಮನಿ ಬ್ಯಾರೆ ಮಾಡೂದು ಊರು ನೋಡಿ ಅಲ್ಲ, ದಂಧಾ ನೋಡಿ."

"ಮನಿ ಬ್ಯಾರೆ ಆದ್ರ ಒಲಿನೂ ಎರಡಾಗ್ತಾವ," ಅಂದರು ರೇವಣಪ್ಪನವರು. "ಎಲ್ಲಾ ಸಾಮಾನು ಎರಡೆರಡು."

"ಹೌದು ಅಪ್ಪಾಜಿ, ಅದೇ ಇದರ ಲುಕ್ಸಾನು. ಖರೀದಿಗಿ ಇಬ್ಬರು, ಮಾರಾಟಕ್ಕ ಇಬ್ಬರು ಆಗ್ತಾರ. ಅದನ್ನ ತಾಳ್ಕೋಬೇಕು. ಆದ್ರ ಮೋಟರ್ ಕಟ್ಟಾವ್ರನ್ನ ಎರಡೆರಡು ಇಡೂದು ಆಗೂದಿಲ್ಲ, ಅಂಥ ಕೈ ಸಿಗೂದೇ ಇಲ್ಲ. ಅವರನ್ನ ಮಾತ್ರ ಒಡೀದೇ ಒಂದೇ ಕಡಿ ಇಡ್ತೀನಿ, ನಾಮದೇವಣ್ಣನ ಕೈಯಾಗ. ಮನಿಯವ್ರು ಚೀಟಿ ಬರದು ಆಳು ಕೇಳಬೇಕು. ನಾಮದೇವಣ್ಣ ಕಳಿಸಬೇಕು. ಹೋದಾವ ಅಲ್ಲಿ ಮುಟ್ಟಿ, ಅವರು ಫೋನ್ ಹಚ್ಚಿ ಬಂದ ಅನ್ನೂತನಕ ಹೊಣಿ ನಾಮದೇವಣ್ಣಂದು. ಬಂದ ಅಂದಮ್ಯಾಲೆ ಅವರದು. ಒಬ್ಬನ ಮ್ಯಾಲೆ ಒಂದು ಹೊತ್ತಿನಾಗ ಒಬ್ಬರೇ. ಚುಕ್ಕಿ ಬಂದ್."

ಮೂವರು ಹಿರಿಯರೂ ತಲೆಯಾಡಿಸಿದರು. ಅಂಬಿಕಾಗೂ ಪ್ರತಿ ಮಾತೂ ತಿಳಿದಿತ್ತು. ಅವಳ ಅಜ್ಜ ಕಾಗಿಣಾ ಹೊಳೆಯಲ್ಲಿ ಹರಿಗೋಲು ಹಾಕುತ್ತಿದ್ದವನು. ಮಂದಿ ಎಷ್ಟೇ ಇರಲಿ, ಹುಟ್ಟು ಒಬ್ಬನ ಕೈಯಲ್ಲೇ ಇರಬೇಕು ಅನ್ನುತ್ತಿದ್ದನಂತೆ. ಅಕ್ಕಾರು ಹೇಳಿದ್ದು ಅದೇ. ಎಷ್ಟು ಚೆಂದಾಗಿ ಹೇಳಿದರು. ಅಂದು ಈ ಚೀಟಿ ಇದ್ದಿದ್ದರೆ ಒಂಬತ್ತಕ್ಕೆ 'ಬಂದ' ಎನ್ನುವ ಸೊಹೇಲ್ ಭಾಯಿಯ ಫೋನು ಬಾರದ್ದು ಕಂಡು ನಾಮದೇವಣ್ಣ ಎಲ್ಲರನ್ನೂ ಕೇಳಿ ಹುಡುಕುತ್ತಿದ್ದ, ಹತ್ತಕ್ಕೆ ಬಿದ್ದವನು ಹನ್ನೊಂದಕ್ಕೆ ಸಿಗುತ್ತಿದ್ದ.

"ಅಂಬಿಕಾ," ಅಂದಳು ಶೈಲಶ್ರೀ. "ಹೊಸ ಪುಸ್ತಕಕ್ಕ ಸಹಿದು ಒಂದೇ ಕಾಲಂ ಹೊಡಿ. ಹಳೇದು ಕಟ್ಟಿ ಕಪಾಟಿನಾಗಿಡು."

ಅಂಬಿಕಾ ಬಟ್ಟಲುಗಳನ್ನು ಒಳಗಿಟ್ಟು ಬಂದಳು. ಹೊಸ ಪುಸ್ತಕ ತೆಗೆದು, ಸ್ಕೇಲು ಇಟ್ಟು, ಕೊನೆಯ ಗೆರೆ ಎಳೆದಳು. ಸಹಿಗೆ ಒಂದೇ ಜಾಗ. ಆಮೇಲೆ ಹಳೆಯದನ್ನು ತೆಗೆದಳು. ದಾರ ಕಟ್ಟಲಿಲ್ಲ. ಏಪ್ರಿಲ್ ಹಾಳೆ ತೆರೆದು, ಪುಸ್ತಕವನ್ನು ಎರಡೂ ಕೈಯಲ್ಲಿ ಹಿಡಿದು ಮೇಜಿನ ಹತ್ತಿರ ಬಂದಳು. ಗುರುಲಿಂಗಯ್ಯ ಹೆಗಲ ವಸ್ತ್ರ ಸರಿಪಡಿಸಿಕೊಂಡು ಏಳುತ್ತಿದ್ದವನು ಹಾಗೇ ಕೂತ.

"ಇದರಾಗ ಅಪ್ಪಂದು ಒಂದು ಸಾಲು ಉಳದದ್ರಿ," ಅಂದಳು. ಅವಳ ದನಿ ಆ ಕೋಣೆಯಲ್ಲಿ ಇಷ್ಟು ಗಟ್ಟಿಯಾಗಿ ಹಿಂದೆಂದೂ ಕೇಳಿರಲಿಲ್ಲ. ಅವಳಿಗೇ ಅದು ಬೇರೆಯವರದೆನ್ನಿಸಿತು.

ನಾಮದೇವ ಹಾಳೆ ನೋಡಿದ. ಎರಡು ಚುಕ್ಕಿ, ಅವುಗಳ ಮುಂದೆ ಆ ಅಕ್ಷರ. ನೋಡಿ ಕಣ್ಣು ಬೇರೆ ಕಡೆ ಹೊರಳಿಸಿದ.

"ತಂಗಿ," ಅಂದ ಗುರುಲಿಂಗಯ್ಯ, "ಅವತ್ತು ಅವ ಯಾರ ಕೈಕೆಳಗಿದ್ದ ಅನ್ನೂದೇ ಗೊತ್ತಾಗವಲ್ದು. ನನ್ನ ಖಣಿ ಹೌದು, ಆದ್ರ ಅವನ್ನ ಸೇಡಂಗ ಕಳಿಸಿದ್ರು."

"ನಾ ಸೇಡಂಗ ಹೋಗಂದೀನಿ," ಅಂದ ನಾಮದೇವ. "ಖಣಿಗಿ ಹೋಗಂದಿಲ್ಲ."

"ನನ್ನ ಕಡಿ ಮುಟ್ಟೇ ಇಲ್ಲ," ಅಂದ ಸೊಹೇಲ್. ಹೇಳಿ, ಹೇಳಬಾರದಿತ್ತೆಂಬಂತೆ ತಲೆ ತಗ್ಗಿಸಿದ.

"ಆ ಘಟನಾದ ತನಿಖಿ ಮಾಡೋ ಸರಕಾರಿ ಇನ್ಸ್‌ಪೆಕ್ಟರ್ ಕಾಗದ ಇನ್ನೂ ಮುಗಿದಿಲ್ಲ," ಅಂದಳು ಶೈಲಶ್ರೀ ಮೆಲ್ಲಗೆ. "ಈಗ ಯಾರ ಸಹಿ ಬಿದ್ರೂ ಹಳೇ ಹಾಳಿ ತಿದ್ದಿದಂಗ ಆಗ್ತದ, ಹೊಣಿನೂ ಅವರ ಮ್ಯಾಲೇ ಬರ್ತದ, ಅಂಬಿಕಾ. ಹೊಸಾದ್ರಾಗ ಹಿಂಗ ಆಗೂದಿಲ್ಲ. ಅದಕ್ಕೇ ಇಷ್ಟೆಲ್ಲಾ ಮಾಡೀನಿ."

"ಹೊಸಾದು ಛಲೋ ಅದ ಅಕ್ಕಾರ. ನಾ ಎಲ್ಲಾ ಕೇಳೀನಿ." ಅಂಬಿಕಾ ಹಾಳೆಯನ್ನು ಅವರ ಕಡೆ ತಿರುಗಿಸಿದಳು. "ಆ ಗೈ ಬರದಾಕಿ ನಾನೇ. ಎರಡು ಚುಕ್ಕಿ ಕಂಡಿದ್ವು, ಯಾರನ್ನೂ ಕೇಳಲಿಲ್ಲ. ಅವ್ವಗ ಇನ್ನೂ ಹೇಳಿಲ್ಲ. ಅದು ನನ್ನ ತಪ್ಪು ಅಂತ ಬರೀರಿ, ನಾನೂ ಸಹಿ ಮಾಡ್ತೀನಿ. ಆದ್ರ ಹಾಜರಿಗಿ ನನ್ನ ಸಹಿ ನಡೀಯಂಗಿಲ್ಲ."

ರೇವಣಪ್ಪನವರು ಕನ್ನಡಕ ತೆಗೆದು, ನೀರು ಸೋರುವ ಕಣ್ಣನ್ನು ಕರವಸ್ತ್ರದಿಂದ ಒತ್ತಿಕೊಂಡರು. ಮಗಳ ಮುಖ ನೋಡಿ, ಕನ್ನಡಕ ಮತ್ತೆ ಹಾಕಿಕೊಂಡರು. ಹೊರಗೆ ಮತ್ತೊಂದು ಕೊರೆಯುವ ಯಂತ್ರ ಶುರುವಾಯಿತು. ಅದರ ಸದ್ದಿಗೆ ಮೇಜಿನ ಮೇಲಿನ ಪೆನ್ನು ಸಣ್ಣಗೆ ಅದುರುತ್ತ ಉರುಳಿ ನಾಮದೇವನ ಕೈ ಹತ್ತಿರ ಬಂದು ನಿಂತಿತು. ಅವನು ಕೈಯನ್ನು ತೊಡೆಯ ಮೇಲೆ ಎಳೆದುಕೊಂಡ.

ಅಂಬಿಕಾ ಪುಸ್ತಕವನ್ನು ಮೇಜಿನ ನಡುವೆ ಇಟ್ಟಳು. ಅಪ್ಪನ ಹೆಸರಿದ್ದ ಸಾಲಿನ ಕೆಳಗೆ ಸ್ಕೇಲು ಹೊಂದಿಸಿ, ಸಾಲು ತಪ್ಪದಂತೆ ಎರಡೂ ತುದಿಗೆ ಬೆರಳಿಟ್ಟು ಹಿಡಿದಳು.

"ನಿಮ್ಮೊಳಗ ಯಾರರೆ ಒಬ್ರು ಇಲ್ಲಿ ಸಹಿ ಮಾಡ್ರಿ."